ಪದಚರ್ಚೆ: ‘ಬ್ಯಾಚ್’ಗೆ ‘ಒಬ್ಬೆ’ ಸರಿಯೇ? ‘ಬೆಸ್ಟ್ ಬಿಫೋರ್’ಗೆ ಏನು?

ಮಂಡ್ಯದಿಂದ:
ಇಲ್ಲಿನ ಮಹಿಳಾ ಸಂಘದವರು ವಡೆ ಪ್ಯಾಕೆಟ್‌ಗೆ ಲೇಬಲ್ ತಿದ್ದಿಕೊಡಲು ಕೇಳಿದ್ದಾರೆ. ಕರಡು ಹೀಗಿದೆ:

“ಮದ್ದೂರು ವಡೆ. ಅಕ್ಕಿ ಹಿಟ್ಟು, ಮೈದಾ, ರವೆ, ಈರುಳ್ಳಿ, ಅಡುಗೆ ಎಣ್ಣೆ, ಉಪ್ಪು. ನಿವ್ವಳ ತೂಕ 200 ಗ್ರಾಂ. ಪ್ಯಾಕ್ ಮಾಡಿದ ದಿನ 05/06/25. ತಯಾರಾದ 10 ದಿನದೊಳಗೆ ತಿಂದರೆ ಉತ್ತಮ.” ಕೆಳಗೆ ಸಂಘದ ಹೆಸರು, ವಿಳಾಸ, ಬೆಲೆ ಇವೆ.

‘ಬ್ಯಾಚ್ ನಂಬರ್’ ಸೇರಿಸುವಾಗ ‘ಒಬ್ಬೆ ಸಂಖ್ಯೆ’ ಎನ್ನಬಹುದೇ? ‘ಬೆಸ್ಟ್ ಬಿಫೋರ್’, ‘ಎಕ್ಸ್‌ಪೈರಿ’ ಎರಡಕ್ಕೂ ಬೇರೆ ಪದ ಬೇಕೇ? ಇನ್ನೇನು ಬಿಟ್ಟುಹೋಗಿದೆ?

ಕೆ.ಆರ್. ಪೇಟೆಯಿಂದ:
ಎರಡನೇ ಒಬ್ಬೆ ಇಡ್ಲಿ ಇಟ್ಟೆ ಅಂತ ಮನೆಯಲ್ಲಿ ದಿನಾ ಹೇಳ್ತೀವಿ, ಧಾರಾಳವಾಗಿ ಹಾಕಿ. ಎಕ್ಸ್‌ಪೈರಿ, ಬೆಸ್ಟ್ ಬಿಫೋರ್ ಎರಡೂ ಒಂದೇ, ‘ವಾಯಿದೆ’ ಅಂದರೆ ಸಾಕು.

ಮೈಸೂರು, ಸರಸ್ವತಿಪುರಂನಿಂದ:
ಒಂದೇ ಅಲ್ಲ ಸರ್. ‘ಬೆಸ್ಟ್ ಬಿಫೋರ್’ ದಾಟಿದರೆ ರುಚಿ, ಗರಿಗರಿ ತಗ್ಗಬಹುದು. ‘ಎಕ್ಸ್‌ಪೈರಿ’ ದಾಟಿದ್ದನ್ನು ಮಾರುವಂತೆಯೇ ಇಲ್ಲ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್ಎಸ್ಎಸ್ಎಐನ 2020ರ ಲೇಬಲ್ ನಿಯಮದಲ್ಲಿ ಕಡ್ಡಾಯ ಇರುವುದು ಎಕ್ಸ್‌ಪೈರಿಯೇ, ಇನ್ನೊಂದು ಬೇಕಾದರೆ ಜೊತೆಗೆ ಹಾಕಬಹುದು. ಆದ್ದರಿಂದ ‘ಬಳಕೆಯ ಕೊನೆಯ ದಿನ’, ‘ಈ ದಿನದೊಳಗೆ ಉತ್ತಮ’ ಎಂದು ಎರಡು ಮಾತು ಬೇಕು.

ಕರಡಿನ ದೊಡ್ಡ ತೊಡಕು ಅಲ್ಲೇ ಇದೆ. ನಮೂದಿಸಿರುವುದು ಪ್ಯಾಕ್ ಮಾಡಿದ ದಿನ, ಎಣಿಸಲು ಹೇಳಿರುವುದು ತಯಾರಾದ ದಿನದಿಂದ. 3ರಂದು ಕರಿದು 5ರಂದು ಪ್ಯಾಕ್ ಮಾಡಿದ್ದರೆ ಕೊಂಡವರು ಎರಡು ದಿನ ಹೆಚ್ಚು ಲೆಕ್ಕ ಹಾಕುತ್ತಾರೆ. ಮೂರು ತಿಂಗಳೊಳಗೆ ಕೆಡುವ ತಿಂಡಿಗೆ ದಿನ, ತಿಂಗಳು, ವರ್ಷ ಮೂರೂ ಇರುವ ಕೊನೆಯ ದಿನಾಂಕವನ್ನೇ ಅಚ್ಚು ಹಾಕಿಸಿ.

ಪದಾರ್ಥಗಳು ತೂಕದಲ್ಲಿ ಹೆಚ್ಚಿನದರಿಂದ ಕಡಿಮೆಗೆ ಬರಬೇಕು. ಅವರು ಅಳತೆಗೆ ತಕ್ಕಂತೆ ಬರೆದಿದ್ದಾರೋ ನೆನಪಾದಂತೆ ಬರೆದಿದ್ದಾರೋ ಕೇಳಿ ನೋಡಿ. ‘ಅಡುಗೆ ಎಣ್ಣೆ’ ಸಾಲದು, ಕಡಲೆಕಾಯಿ ಎಣ್ಣೆಯೋ ತಾಳೆ ಎಣ್ಣೆಯೋ ಹೆಸರಿಸಬೇಕು. ಮೈದಾ ಇರುವುದರಿಂದ ‘ಗೋಧಿ ಇದೆ’ ಎಂಬ ಅಲರ್ಜಿ ಸೂಚನೆ ಪ್ರತ್ಯೇಕ ಬೇಕು. ಇವಲ್ಲದೆ ಬ್ಯಾಚ್ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು, ಎಫ್ಎಸ್ಎಸ್ಎಐ ಗುರುತು ಮತ್ತು 14 ಅಂಕಿಯ ಸಂಖ್ಯೆ, ದೂರು ಹೇಳಲು ಫೋನ್ ನಂಬರ್ ಕಾಣುತ್ತಿಲ್ಲ. ಕನ್ನಡ ಇರಲೇಬೇಕು ಎಂಬುದೇ ನನ್ನ ಆಸೆ. ಆದರೆ ಇಂಗ್ಲಿಷ್ ಅಥವಾ ಹಿಂದಿಯಲ್ಲೂ ಇದೆಲ್ಲ ಇರಬೇಕು, ಕನ್ನಡವೊಂದೇ ನಡೆಯದು.

ಶ್ರೀರಂಗಪಟ್ಟಣದಿಂದ:
ನಾನು ಹಪ್ಪಳ ಮಾಡಿ ಮಾರುತ್ತೇನೆ. ತಾರೀಖನ್ನೇ ಹಾಕುತ್ತೇನಲ್ಲ, ಮತ್ತೆ ಬ್ಯಾಚ್ ಯಾಕೆ? ಒಬ್ಬೆ ಅಂದರೆ ಒಂದು ಬಾಣಲೆ ಅಲ್ಲವೇ, ಪ್ರತಿ ಬಾಣಲೆಗೂ ನಂಬರ್ ಹಾಕಬೇಕಾ?

ಸರಸ್ವತಿಪುರಂನಿಂದ:
ಬಾಣಲೆಗೊಂದು ಬೇಡಮ್ಮ. ಒಂದೇ ಸಲ ಕಲಸಿದ ಹಿಟ್ಟಿನಿಂದ ಬಂದದ್ದಕ್ಕೆಲ್ಲ ಒಂದೇ ಸಂಖ್ಯೆ ಸಾಕು. ಬೆಳಿಗ್ಗೆ ಒಂದು ಚೀಲ ಹಿಟ್ಟು, ಸಂಜೆ ಬೇರೆ ಅಂಗಡಿಯದ್ದು ಬಳಸಿದರೆ ತಾರೀಖು ಒಂದೇ ಇರುತ್ತದೆ. ಸಂಜೆಯದು ಮುಗ್ಗಲು ಎಂದು ದೂರು ಬಂದಾಗ ಆ ಪ್ಯಾಕೆಟ್‌ಗಳನ್ನಷ್ಟೇ ವಾಪಸ್ ತರಿಸಲು ಬ್ಯಾಚ್ ಸಂಖ್ಯೆಯೇ ದಾರಿ.

ಮಂಡ್ಯದಿಂದ:
ಹಾಗಿದ್ದರೆ ‘ಒಬ್ಬೆ’ ಎಂದರೆ ಜನ ಬಾಣಲೆಯನ್ನೇ ನೆನೆಯುತ್ತಾರಲ್ಲ. ‘ಬ್ಯಾಚ್ ಸಂಖ್ಯೆ’ಯನ್ನೇ ಉಳಿಸೋಣವೇ, ಬೇರೆ ಕನ್ನಡ ಪದವಿದೆಯೇ? ಅಚ್ಚಿಗೆ ಸೋಮವಾರ ಕೊಡಬೇಕು.