ಮೆಕ್ಕೆಜೋಳ: ಎರಡು ದಿನ ತಡವಾಗಿ ಬಿತ್ತಿದರೆ ಕೊಯ್ಲು ಎರಡು ತಿಂಗಳು ತಡ ಅಂತ ತೋರಿಸ್ತಿದೆ

ಆನಗೋಡು_ಹೊಲ:
ನಮ್ಮೂರಿನ 12 ಜನ ಸೇರಿ ಕಟಾವು ಯಂತ್ರ ಕರೆಸುತ್ತೇವೆ. ಯಾರ ಹೊಲ ಯಾವಾಗ ಅಂತ ಗೂಗಲ್ ಶೀಟ್ಸ್‌ನಲ್ಲಿ ಬರೆದಿದ್ದೇನೆ. A ಕಾಲಂನಲ್ಲಿ ಬಿತ್ತಿದ ದಿನ, B ಯಲ್ಲಿ 115, C ಯಲ್ಲಿ `=A2+B2`. ಎಲ್ಲರದೂ ಒಂದೇ ತಳಿ. ಆದರೆ ಬಂದ ಉತ್ತರ ನೋಡಿ:

```
05/06/2024   115   08/29/2024
06/06/2024   115   09/29/2024
07/06/2024   115   10/29/2024
18/06/2024   115   #VALUE!
```

ಅಕ್ಕಪಕ್ಕದ ಹೊಲ, ಎರಡೇ ದಿನದ ಅಂತರ. ಯಂತ್ರದವರಿಗೆ ಆಗಸ್ಟ್ 29 ಅಂತ ಹೇಳಿಯೂ ಬಿಟ್ಟಿದ್ದೇನೆ. ಏನು ತಪ್ಪಾಗಿದೆ?

ಹರಿಹರ_ಗದ್ದೆ:
ನನಗೂ ಹೋದ ವರ್ಷ ಹೀಗೇ ಆಗಿತ್ತು. 125 ದಿನದ ಭತ್ತ, ಲೆಕ್ಕಕ್ಕಿಂತ 25 ದಿನ ಮೊದಲೇ ಬಂತು. ನಾಟಿ ಮಾಡಿದ ದಿನದಿಂದ ಎಣಿಸಿದ್ದೆ. ಸಸಿಮಡಿಗೆ ಬೀಜ ಚೆಲ್ಲಿದ ದಿನದಿಂದ ಎಣಿಸಬೇಕು ಅಂತ ಆಮೇಲೆ ಗೊತ್ತಾಯಿತು. ನೀವು ನಾಟಿ ದಿನ ಹಾಕಿದ್ದೀರಾ?

ಆನಗೋಡು_ಹೊಲ:
ಮೆಕ್ಕೆಜೋಳಕ್ಕೆ ನಾಟಿ ಎಲ್ಲಿದೆ ಅಣ್ಣ, ನೇರ ಬಿತ್ತನೆ.

ಶೀಟು_ಲೆಕ್ಕ:
ದಿನಾಂಕದ ಫಾರ್ಮ್ಯಾಟ್ ಅಮೆರಿಕದವರದ್ದು ಇದೆ. A ಮತ್ತು C ಆರಿಸಿಕೊಂಡು `dd/mm/yyyy` ಮಾಡಿ. ಸರಿಹೋಗುತ್ತದೆ.

ಆನಗೋಡು_ಹೊಲ:
ಮಾಡಿದೆ. ಈಗ A ಯಲ್ಲಿ ನಾನು ಬರೆದ 05/06 ಹೋಗಿ 06/05/2024 ಆಯಿತು. C ಯಲ್ಲಿ 29/08/2024. 18/06 ಹಾಗೇ ಇದೆ, ಪಕ್ಕದಲ್ಲಿ ಅದೇ `#VALUE!`.

ಹಳೇ_ಗಣಕಿಗ:
ಕಾರಣ ಶೀಟು_ಲೆಕ್ಕ ಅವರು ಹೇಳಿದ್ದೇ, ಆದರೆ ಫಾರ್ಮ್ಯಾಟ್ ಬದಲಿಸಿದರೆ ತೋರಿಸುವ ರೀತಿ ಮಾತ್ರ ಬದಲಾಗುತ್ತದೆ. ಒಳಗಿನ ದಿನಾಂಕ ಬರೆದ ಕ್ಷಣದಲ್ಲೇ ತಪ್ಪಾಗಿ ಕೂತಿದೆ. ನಿಮ್ಮ ಶೀಟು ತಿಂಗಳನ್ನು ಮೊದಲು ಓದುತ್ತದೆ. ಹಾಗಾಗಿ ಜೂನ್ 5 ಅದಕ್ಕೆ ಮೇ 6 ಆಯಿತು. ಜೂನ್ 7 ಹೋಗಿ ಜುಲೈ 6 ಆಯಿತು. 06/06 ತಿರುಗಿಸಿದರೂ ಒಂದೇ, ಅದಕ್ಕೇ ಆ ಸಾಲು ಸರಿ ಬಂತು. 18ನೇ ತಿಂಗಳು ಅಂತ ಇಲ್ಲವಲ್ಲ, ಅದನ್ನು ಬರೀ ಅಕ್ಷರ ಅಂತ ಇಟ್ಟುಕೊಂಡಿದೆ. ನೋಡಿ, ಆ ಸಾಲು ಎಡಕ್ಕೆ ಅಂಟಿಕೊಂಡಿರುತ್ತದೆ, ದಿನಾಂಕಗಳು ಬಲಕ್ಕಿರುತ್ತವೆ.

ಖಾಲಿ D ಕಾಲಂನಲ್ಲಿ ಇದನ್ನು ಹಾಕಿ ಕೆಳಗಿನವರೆಗೆ ಎಳೆಯಿರಿ:

```
=IF(ISNUMBER(A2),
 DATE(YEAR(A2),DAY(A2),MONTH(A2)),
 DATE(RIGHT(A2,4),MID(A2,4,2),LEFT(A2,2)))
```

ದಿನಾಂಕವಾಗಿ ಕೂತಿದ್ದರೆ ದಿನ, ತಿಂಗಳು ಅದಲುಬದಲು ಮಾಡುತ್ತದೆ. ಅಕ್ಷರವಾಗಿದ್ದರೆ ತುಂಡು ಮಾಡಿ ಜೋಡಿಸುತ್ತದೆ. 45448 ಥರ ಸಂಖ್ಯೆ ಕಂಡರೆ ಹೆದರಬೇಡಿ, ಅದು ಜೂನ್ 5ರ ಒಳಗಿನ ರೂಪ. ದಿನಾಂಕದ ಫಾರ್ಮ್ಯಾಟ್ ಕೊಡಿ. ಆಮೇಲೆ D ಕಾಪಿ ಮಾಡಿ, A ಮೇಲೆ `Ctrl+Shift+V` ಒತ್ತಿ, D ಅಳಿಸಿ. ಕೊನೆಗೆ `File > Settings > Locale` ನಲ್ಲಿ `India` ಆರಿಸಿ. ಸೂತ್ರ ಒಂದೇ ಸಲ ಸಾಕು. ಸರಿಯಾದ ದಿನಾಂಕದ ಮೇಲೆ ಮತ್ತೆ ಹಾಕಿದರೆ ಅದೂ ತಿರುಗಿಬಿಡುತ್ತದೆ.

ಆನಗೋಡು_ಹೊಲ:
ಬಂತು! ಜೂನ್ 5ಕ್ಕೆ ಸೆಪ್ಟೆಂಬರ್ 28, ಜೂನ್ 7ಕ್ಕೆ ಸೆಪ್ಟೆಂಬರ್ 30, ಜೂನ್ 18ಕ್ಕೆ ಅಕ್ಟೋಬರ್ 11. ಬೆರಳಲ್ಲಿ ಎಣಿಸಿಯೂ ನೋಡಿದೆ. ಒಂದು ಸಾಲು ಮಾತ್ರ ಇನ್ನೂ ತಪ್ಪು ಕೊಡ್ತಿದೆ, ಅಲ್ಲಿ 3.6.2024 ಅಂತ ಚುಕ್ಕೆ ಇಟ್ಟು ಬರೆದಿದ್ದೆ.

ಹಳೇ_ಗಣಕಿಗ:
ಅದೊಂದನ್ನು ಕೈಯಲ್ಲೇ ಬರೆಯಿರಿ. ಒಂದು ಸಾಲಿಗೆ ಸೂತ್ರ ಬೇಡ.

ಮಾಯಕೊಂಡದ_ಅಕ್ಕ:
ತಮ್ಮಾ, ಯಂತ್ರ ಗೊತ್ತು ಮಾಡುವ ಮೊದಲು ಒಂದು ಮಾತು. ಜೂನ್ 5ಕ್ಕೆ ಬಿತ್ತಿದವರು ಹದ ನೋಡಿ ಬಿತ್ತಿದರೋ, ಒಣ ನೆಲಕ್ಕೋ? ಒಣಗಿದ ಮಣ್ಣಲ್ಲಿ ಬೀಜ ಸುಮ್ನೆ ಮಲಗಿರುತ್ತದೆ. ಅಂಥ ಹೊಲಕ್ಕೆ A ಕಾಲಂನಲ್ಲಿ ಬಿತ್ತಿದ ದಿನ ಬೇಡ, ಮೊಳೆಯುವಷ್ಟು ಮಳೆ ಬಿದ್ದ ದಿನ ಹಾಕಿ.

ಇನ್ನು 115 ಅನ್ನೋದು ಕಾಳು ಬಲಿಯುವ ದಿನ, ಯಂತ್ರ ಇಳಿಸುವ ದಿನ ಅಲ್ಲ. ತೆನೆಯ ನಡುವಿನಿಂದ ಒಂದು ಕಾಳು ಕಿತ್ತು, ದಿಂಡಿಗೆ ಅಂಟಿಕೊಂಡಿದ್ದ ತುದಿಯನ್ನು ಉಗುರಲ್ಲಿ ಕೆರೆಯಿರಿ. ಕಪ್ಪು ಗೆರೆ ಕಂಡರೆ ಬಲಿತಿದೆ. ಆಗಲೂ ಕಾಳಲ್ಲಿ ತೇವ ಶೇ 30ಕ್ಕಿಂತ ಜಾಸ್ತಿ ಇರಬಹುದು. ಮಾರುವಾಗ ಶೇ 14ರ ಹತ್ತಿರ ಕೇಳುತ್ತಾರೆ. ಗಿಡದಲ್ಲೇ ಒಣಗಲು ಬಿಡಬೇಕು.

ಆನಗೋಡು_ಹೊಲ:
ಇಬ್ಬರು ಒಣಬಿತ್ತನೆಯವರೇ ಅಕ್ಕ, ಮಳೆ 12ಕ್ಕೆ ಬಂತು. ಅವರ ಸಾಲು ಬದಲಿಸುತ್ತೇನೆ. ಒಣಗಲು ಎಷ್ಟು ದಿನ ಕೂಡಿಸಲಿ? 10 ಸಾಕಾ?

ಶೀಟು_ಲೆಕ್ಕ:
B ಯಲ್ಲಿ 115 ಬದಲು 125 ಹಾಕಿಬಿಡಿ.

ಮಾಯಕೊಂಡದ_ಅಕ್ಕ:
ಅದನ್ನು ಬೇರೆ ಕಾಲಂನಲ್ಲಿ ಇಡಿ. ನಿಮ್ಮ ಸೆಪ್ಟೆಂಬರ್ 28 ಹಸ್ತಾ ಮಳೆಯಲ್ಲಿ ಬೀಳುತ್ತದೆ. ಬಿಸಿಲಿದ್ದರೆ 10 ದಿನ ಆದೀತು, ಮಳೆ ಹಿಡಿದರೆ 20 ಆದರೂ ಸಾಲದು. ನಾನಾಗಿದ್ದರೆ ಯಂತ್ರದವರಿಗೆ ಈಗ ವಾರ ಮಾತ್ರ ಹೇಳಿ, ಕಪ್ಪು ಗೆರೆ ಕಂಡ ಮೇಲೆ ದಿನ ಹೇಳುತ್ತಿದ್ದೆ.

ಆನಗೋಡು_ಹೊಲ:
ಯಂತ್ರದವರು ವಾರಕ್ಕೆ ಒಪ್ಪುತ್ತಾರೋ ಇಲ್ಲವೋ, ಇವತ್ತು ಸಂಜೆ ಕೇಳುತ್ತೇನೆ. ಆಗಸ್ಟ್ 29ನ್ನು ಮೊದಲು ರದ್ದು ಮಾಡಿಸಬೇಕು.