ಪದಚರ್ಚೆ: ‘ಶೇ 20 ಲಾಭ’, ‘5 ಸಲ ವಹಿವಾಟು’ ಅಂದರೆ ಯಾವುದರ ಮೇಲೆ?

ಪ್ರಶ್ನೆ ಕೇಳಿದವರು, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದ ಬಿ.ಕಾಂ. ಮಕ್ಕಳಿಗೆ ಅಪೂರ್ಣ ದಾಖಲೆಗಳ ಪಾಠ ಮಾಡುತ್ತಿದ್ದೇನೆ. ಅಭ್ಯಾಸಕ್ಕೆ ಕೊಟ್ಟ ಒಂದು ಲೆಕ್ಕ ಹೀಗಿದೆ. ಅಂಗಡಿಯ ಆರಂಭದ ದಾಸ್ತಾನು ₹90,000. ನಗದು, ಸಾಲ ಎರಡೂ ಸೇರಿ ವರ್ಷದ ಮಾರಾಟ ₹6,25,000. ‘ಒಟ್ಟು ಲಾಭ ಶೇ 20, ದಾಸ್ತಾನು ವಹಿವಾಟು 5 ಸಲ.’ ಖರೀದಿ ಎಷ್ಟು, ಅಂತಿಮ ದಾಸ್ತಾನು ಎಷ್ಟು?

ತರಗತಿಯಲ್ಲಿ ಒಬ್ಬಳು ಅಂತಿಮ ದಾಸ್ತಾನು ₹1,10,000 ಎಂದಳು. ಇನ್ನೊಬ್ಬ ₹1,60,000 ಎಂದ. ಅವನ ವಾದ ಸರಳ: ಪತ್ರಿಕೆಗಳಲ್ಲಿ ‘ಕಂಪನಿಯ ವಹಿವಾಟು ಇಷ್ಟು ಕೋಟಿ’ ಎಂದು ಬರೆದರೆ ಅದು ಮಾರಾಟವೇ ಅಲ್ವಾ? ಹಾಗಾಗಿ 6,25,000ವನ್ನು 5ರಿಂದ ಭಾಗಿಸಿದೆ ಎಂದ. ಅವನ ಕನ್ನಡ ಸರಿಯಾಗಿಯೇ ಇದೆ ಅನ್ನಿಸಿತು. ಇಲ್ಲಿ ‘ವಹಿವಾಟು’ ಯಾವ ಅರ್ಥದಲ್ಲಿದೆ? ‘ಶೇ 20’ ಯಾವುದರ ಮೇಲೆ?

ನಿವೃತ್ತ ಬ್ಯಾಂಕ್ ನೌಕರರು, ಮೈಸೂರು

ಮೇಡಂ, ವಹಿವಾಟಿನ ವಿಷಯದಲ್ಲಿ ಹುಡುಗನದು ತಪ್ಪು. ಮಾರಾಟವಾದ ಸರಕಿನ ವೆಚ್ಚವನ್ನು 5ರಿಂದ ಭಾಗಿಸಬೇಕು. ಆದರೆ ಲಾಭ ಅಂದರೆ ಅಸಲಿನ ಮೇಲೆ ಬರುವುದು. 100ಕ್ಕೆ ತಂದು 120ಕ್ಕೆ ಮಾರಿದರೆ ಶೇ 20 ಲಾಭ, ಬೇರೆ ಮಾತೇ ಇಲ್ಲ. ಆ ಪ್ರಕಾರ ವೆಚ್ಚ ಸುಮಾರು ₹5,20,833, ಸರಾಸರಿ ದಾಸ್ತಾನು ₹1,04,167, ಅಂತಿಮ ದಾಸ್ತಾನು ₹1,18,333. ಅಂಕಿ ಸ್ವಲ್ಪ ಒಡ್ಡಾಗಿವೆ ಅಷ್ಟೇ.

ತೆರಿಗೆ ಸಲಹೆಗಾರರು, ದಾವಣಗೆರೆ

ವಹಿವಾಟು ಅಂದರೆ ಮಾರಾಟವೇ. ಆದಾಯ ತೆರಿಗೆ ಕಾಯ್ದೆಯಲ್ಲಿ ಸಣ್ಣ ವ್ಯಾಪಾರಿಯ ವಹಿವಾಟಿನ ಶೇ 8, ಬ್ಯಾಂಕ್ ಮೂಲಕ ಬಂದ ಹಣಕ್ಕೆ ಶೇ 6, ಇಷ್ಟನ್ನು ಲಾಭ ಎಂದು ಹಿಡಿಯುತ್ತಾರೆ. ಪುಸ್ತಕ ಇಡದವರಿಗೆ ಇದೇ ದಾರಿ. ನಿಮ್ಮ ಅಂಗಡಿಯವನಿಗೂ ಇದನ್ನೇ ಹೇಳಿ.

ಲೆಕ್ಕಶಾಸ್ತ್ರದ ಉಪನ್ಯಾಸಕರು, ಧಾರವಾಡ

ದಾವಣಗೆರೆಯವರು ಹೇಳಿದ್ದು ತೆರಿಗೆಯ ಮಟ್ಟಿಗೆ ಸರಿ. ಆದರೆ ಅಲ್ಲಿಯದು ಖರ್ಚೆಲ್ಲ ಕಳೆದ ಮೇಲಿನ ಲಾಭ. ಈ ಲೆಕ್ಕದಲ್ಲಿರುವುದು ಬಾಡಿಗೆ, ಸಂಬಳ ಕಳೆಯುವ ಮೊದಲಿನ ಒಟ್ಟು ಲಾಭ. ಜೊತೆಗೆ ಇಲ್ಲಿ ಹುಡುಕುತ್ತಿರುವುದು ದಾಸ್ತಾನನ್ನು. ಆ ಶೇ 8 ದಾಸ್ತಾನಿನ ಬಗ್ಗೆ ಏನೂ ಹೇಳುವುದಿಲ್ಲ.

ಈಗ ‘ವಹಿವಾಟು’. ಕಪಾಟಿನಲ್ಲಿರುವ ಸರಕಿಗೆ ನಾವು ಅಸಲು ಬೆಲೆ ಕಟ್ಟುತ್ತೇವೆ. ಮಾರಾಟದ ಮೊತ್ತದಲ್ಲಿ ಲಾಭವೂ ಕೂತಿದೆ. ಅದನ್ನು ದಾಸ್ತಾನಿನೊಂದಿಗೆ ಹೋಲಿಸಿದರೆ ಎರಡು ಬೇರೆ ಬೆಲೆಗಳನ್ನು ಬೆರೆಸಿದಂತೆ. ಹಾಗಾಗಿ ದಾಸ್ತಾನನ್ನು ಮುಟ್ಟುವ ಮೊದಲು ಮಾರಾಟವನ್ನು ಅಸಲಿಗೆ ಇಳಿಸಬೇಕು. ಲಾಭ ಮಾರಾಟದ ಮೇಲೆ ಶೇ 20 ಎಂದು ಹಿಡಿಯೋಣ. 6,25,000ದಲ್ಲಿ ಲಾಭ 1,25,000, ವೆಚ್ಚ 5,00,000. ಸರಕು 5 ಸಲ ತಿರುಗಿದ್ದರೆ ಸರಾಸರಿ ದಾಸ್ತಾನು 1,00,000. ಸರಾಸರಿ ಎಂದರೆ ಆರಂಭ ಮತ್ತು ಅಂತ್ಯ ಕೂಡಿಸಿ ಅರ್ಧ ಮಾಡಿದ್ದು. ಎರಡೂ ಸೇರಿ 2,00,000 ಆಗಬೇಕು. ಆರಂಭದ್ದು 90,000, ಆದ್ದರಿಂದ ಅಂತ್ಯದ್ದು 1,10,000. ವೆಚ್ಚಕ್ಕೆ ಅಂತ್ಯದ ದಾಸ್ತಾನು ಕೂಡಿಸಿ ಆರಂಭದ್ದನ್ನು ಕಳೆದರೆ ಖರೀದಿ ₹5,20,000.

ಇನ್ನು ‘ಶೇ 20’. ಮೈಸೂರಿನವರ ಓದು ಅಂಗಡಿ ಮಾತಿನಲ್ಲಿ ಸಹಜ. ಆದರೆ ಪಾಠದಲ್ಲಿ ‘ಒಟ್ಟು ಲಾಭದ ಅನುಪಾತ’ ಎಂದರೆ ಮಾರಾಟದ ಮೇಲಿನದು. ಮಾರಾಟದ ಮೇಲೆ ಶೇ 20 ಅಂದರೆ ಅಸಲಿನ ಮೇಲೆ ಶೇ 25. ಅಸಲಿನ ಮೇಲೆ ಶೇ 20 ಅಂದರೆ ಮಾರಾಟದಲ್ಲಿ ಆರನೇ ಒಂದು ಭಾಗ ಮಾತ್ರ. ಪ್ರಶ್ನೆ ಬರೆಯುವವರು ‘ಮಾರಾಟದ ಮೇಲೆ’ ಎಂದು ಸೇರಿಸಿದ್ದರೆ ಈ ಚರ್ಚೆಯೇ ಬೇಕಿರಲಿಲ್ಲ. ಅಂಕಿ ಗುಂಡಾಗಿ ಬಂತು ಎಂಬುದನ್ನು ಪುರಾವೆ ಅಂತ ಹಿಡಿಯಬೇಡಿ. ಅದು ಪರೀಕ್ಷೆಯಲ್ಲಿ ಮಾತ್ರ ನಡೆಯುತ್ತದೆ. ಲೆಕ್ಕದಲ್ಲಿ ಸಾಲ ಕೊಟ್ಟವರ ವಿವರ ಇದೆಯಾ?

ಪ್ರಶ್ನೆ ಕೇಳಿದವರು, ಶಿವಮೊಗ್ಗ

ಇದೆ ಸರ್. ಅದು ಬೇರೆ ಉಪಪ್ರಶ್ನೆಗೆ ಅಂದುಕೊಂಡು ಬರೆಯಲಿಲ್ಲ. ಸರಬರಾಜುದಾರರಿಗೆ ಕೊಡಬೇಕಾದದ್ದು ಆರಂಭದಲ್ಲಿ ₹65,000, ಕೊನೆಗೆ ₹85,000. ವರ್ಷದಲ್ಲಿ ಕೊಟ್ಟದ್ದು ₹4,80,000. ನಗದು ಖರೀದಿ ₹20,000.

ಲೆಕ್ಕಶಾಸ್ತ್ರದ ಉಪನ್ಯಾಸಕರು, ಧಾರವಾಡ

ಹಾಗಿದ್ದರೆ ಇದೇ ಸಾಕ್ಷಿ. ಕೊಟ್ಟದ್ದಕ್ಕೆ ಕೊನೆಯ ಬಾಕಿ ಕೂಡಿಸಿ ಹಳೇ ಬಾಕಿ ಕಳೆಯಿರಿ: 4,80,000 + 85,000 − 65,000, ಅಂದರೆ ಸಾಲದ ಖರೀದಿ 5,00,000. ನಗದು ಸೇರಿ 5,20,000. ಮಾರಾಟದ ಮೇಲೆ ಶೇ 20 ಎಂದು ಓದಿದಾಗ ಬಂದ ಖರೀದಿಯೂ ಇಷ್ಟೇ. ಅಸಲಿನ ಮೇಲೆ ಎಂದು ಓದಿದರೆ ಖರೀದಿ ಸುಮಾರು 5,49,167 ಆಗುತ್ತದೆ. ಆ 29 ಸಾವಿರಕ್ಕೆ ಎಲ್ಲೂ ಬಿಲ್ಲಿಲ್ಲ. ಮಾರಾಟವನ್ನೇ 5ರಿಂದ ಭಾಗಿಸಿದ ಹುಡುಗನಿಗೆ ಖರೀದಿ 5,70,000 ಬರುತ್ತದೆ, ಅದು ಇನ್ನೂ ದೂರ.

ಪ್ರಶ್ನೆ ಕೇಳಿದವರು, ಶಿವಮೊಗ್ಗ

ತುಂಬಾ ಉಪಕಾರ ಸರ್. ಮಾರಾಟದ ಮೊತ್ತವೇ ಸಿಗದೆ ಈ ಖರೀದಿ ಮಾತ್ರ ಸಿಕ್ಕಿದ್ದರೆ? ಮಕ್ಕಳು ಅಲ್ಲಿಯೇ ನಿಂತುಬಿಡುತ್ತಾರೆ. ವೆಚ್ಚ ಬೇಕಾದರೆ ಅಂತಿಮ ದಾಸ್ತಾನು ಬೇಕು, ದಾಸ್ತಾನು ಬೇಕಾದರೆ ವೆಚ್ಚ ಬೇಕು.

ಲೆಕ್ಕಶಾಸ್ತ್ರದ ಉಪನ್ಯಾಸಕರು, ಧಾರವಾಡ

ಒಂದೇ ವೆಚ್ಚವನ್ನು ಎರಡು ಕಡೆಯಿಂದ ಬರೆಯಿರಿ. ಅಂತಿಮ ದಾಸ್ತಾನು ‘ಅ’ ಇರಲಿ. ಅಂಗಡಿಗೆ ಬಂದ ಸರಕು 90,000 + 5,20,000, ಒಟ್ಟು 6,10,000. ಉಳಿದದ್ದನ್ನು ಕಳೆದರೆ ವೆಚ್ಚ 6,10,000 − ಅ. ಇನ್ನೊಂದು ಕಡೆಯಿಂದ ಅದೇ ವೆಚ್ಚ ಸರಾಸರಿಯ 5 ಪಟ್ಟು, ಅಂದರೆ ಎರಡು ದಾಸ್ತಾನುಗಳ ಮೊತ್ತದ ಎರಡೂವರೆ ಪಟ್ಟು: 2,25,000 + 2.5 ಅ. ಎರಡನ್ನೂ ಸಮ ಮಾಡಿದರೆ 3.5 ಅ = 3,85,000. ಅ = 1,10,000. ವೆಚ್ಚ 5,00,000. ಅದಕ್ಕೆ ಕಾಲು ಭಾಗ ಸೇರಿಸಿದರೆ ಮಾರಾಟ 6,25,000. ಇಲ್ಲಿ ಐದನೇ ಒಂದು ಭಾಗ ಸೇರಿಸಿ 6,00,000 ಎಂದು ಬರೆಯುವ ಮಕ್ಕಳು ಜಾಸ್ತಿ. ನಮ್ಮ ಕೈಯಲ್ಲಿರುವುದು ಅಸಲು. ಆದ್ದರಿಂದ ಅಸಲಿನ ಮೇಲಿನ ದರವನ್ನೇ ಹಾಕಬೇಕು.

ಬಟ್ಟೆ ಅಂಗಡಿಯವರು, ಹುಬ್ಬಳ್ಳಿ

ನಮ್ಮ ಅಂಗಡಿಯ ಲೆಕ್ಕ ಹೀಗೆ ಕೂಡೂದಿಲ್ಲ ಸರ್ರ. ಮನೆಯವರಿಗೆ ಸೀರೆ, ಪ್ಯಾಂಟ್ ಪೀಸ್ ಅಂತ ವರ್ಷಕ್ಕೆ ಹತ್ತು ಹನ್ನೆರಡು ಸಾವಿರದ ಮಾಲು ಬಿಲ್ ಇಲ್ಲದೆ ಹೋಗ್ತದ. ಆಷಾಢದಾಗ ಅಸಲಿಗೇ ಮಾರ್ತೀವಿ. ನಾವು ‘ನೂರಕ್ಕ ಇಪ್ಪತ್ತು’ ಅಂದ್ರ ಅಸಲಿನ ಮ್ಯಾಲೇ. ಇನ್ನು ಮಾರ್ಚ್ 31ಕ್ಕ ಇರೋ ಮಾಲಿಗೂ ದೀಪಾವಳಿ ಮುಂದ ಇರೋ ಮಾಲಿಗೂ ಅಜಗಜಾಂತರ. ಎರಡು ಮಾರ್ಚಿನ ಸರಾಸರಿ ತಗೊಂಡು ‘5 ಸಲ’ ಅಂದ್ರ ಅದು ನಮ್ಮ ಅಂಗಡಿ ಹೌದೋ ಅಲ್ಲೋ?

ಲೆಕ್ಕಶಾಸ್ತ್ರದ ಉಪನ್ಯಾಸಕರು, ಧಾರವಾಡ

ನಿಮ್ಮ ಮೊದಲ ಮಾತು ಈ ಲೆಕ್ಕಕ್ಕೂ ಬೇಕಾದದ್ದು. ಮನೆಗೆ ಹೋದ ಸರಕನ್ನು ಅಸಲು ಬೆಲೆಯಲ್ಲಿ ಖರೀದಿಯಿಂದ ಕಳೆಯಬೇಕು. ಬಿಲ್ಲುಗಳ ಪ್ರಕಾರ ಖರೀದಿ 5,32,000 ಇದ್ದು, ಅನುಪಾತದಿಂದ 5,20,000 ಬಂದರೆ ಆ 12,000 ಮನೆಗೆ ಹೋಗಿರಬಹುದು. ಕಳ್ಳತನವೂ ಆಗಿರಬಹುದು. ಅನುಪಾತ ವ್ಯತ್ಯಾಸವನ್ನು ತೋರಿಸುತ್ತದೆ, ಕಾರಣ ಹೇಳುವುದಿಲ್ಲ. ಆಷಾಢದ ಮಾಲನ್ನು ಬೇರೆ ತೆಗೆದು, ಉಳಿದದ್ದಕ್ಕೆ ಮಾತ್ರ ಲಾಭದ ದರ ಹಾಕಬೇಕು.

ಸರಾಸರಿಯ ವಿಷಯದಲ್ಲಿ ನಿಮ್ಮ ತಕರಾರು ನ್ಯಾಯವೇ. ತಿಂಗಳು ತಿಂಗಳ ದಾಸ್ತಾನು ಗೊತ್ತಿದ್ದರೆ ಅದರ ಸರಾಸರಿ ಉತ್ತಮ. ಆದರೆ ಆಗ ಆ ಸರಾಸರಿಯಿಂದ ಮಾರ್ಚಿನ ದಾಸ್ತಾನನ್ನು ಹಿಂದಕ್ಕೆ ಬಿಡಿಸಲು ಆಗುವುದಿಲ್ಲ.

ನಿವೃತ್ತ ಬ್ಯಾಂಕ್ ನೌಕರರು, ಮೈಸೂರು

ಸಾಲ ಕೊಟ್ಟವರ ಲೆಕ್ಕ ನೋಡಿದ ಮೇಲೆ ಈ ಪ್ರಶ್ನೆಗೆ ಮಾರಾಟದ ಮೇಲಿನ ದರವೇ ಸರಿ ಎಂದು ಒಪ್ಪುತ್ತೇನೆ. ಆದರೆ ಬರೀ ‘ಶೇ 20 ಲಾಭ’ ಎಂದಿದ್ದರೆ ಕನ್ನಡದಲ್ಲಿ ಅಸಲಿನ ಮೇಲೆ ಎಂದೇ ಓದಬೇಕು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು, ಶಿವಮೊಗ್ಗ

ನಮ್ಮ ಪ್ರಶ್ನೆಯಲ್ಲಿ ಇನ್ನು ಮುಂದೆ ‘ಮಾರಾಟದ ಮೇಲೆ ಶೇ 20 ಒಟ್ಟು ಲಾಭ, ಸರಾಸರಿ ದಾಸ್ತಾನು ಅಸಲಿನ ಲೆಕ್ಕದಲ್ಲಿ ವರ್ಷಕ್ಕೆ 5 ಸಲ ತಿರುಗಿದೆ’ ಎಂದು ಬರೆಯುತ್ತೇನೆ. ‘ತಿರುಗಿದೆ’ ಬದಲು ‘ಸುತ್ತು’ ಎನ್ನಬಹುದೇ? ಅಂಗಡಿಯವರು ಏನನ್ನುತ್ತಾರೆ?

ಬಟ್ಟೆ ಅಂಗಡಿಯವರು, ಹುಬ್ಬಳ್ಳಿ

ನಾವು ‘ಮಾಲು ಐದು ಸಲ ತಿರುಗೇತಿ’ ಅಂತೀವಿ. ಬೇರೆ ಕಡೆ ಏನಂತಾರೋ ಅವರೇ ಹೇಳಬೇಕು.