ಕಿಲಿಮಾಂಜಾರೋ ಹತ್ತಿರ ಗಡಿ ಯಾಕೆ ಡೊಂಕು? ಆಫ್ರಿಕಾ ಹಂಚಿಕೆಯ ಬಗ್ಗೆ ಒಂದು ಚರ್ಚೆ

ಕುತೂಹಲಿ_ಹಾಸನ: ಕೆನ್ಯಾ-ಟಾಂಜಾನಿಯಾ ಗಡಿ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಎಳೆದ ಹಾಗಿದೆ, ಆದರೆ ಕಿಲಿಮಾಂಜಾರೋ ಹತ್ತಿರ ಬಂದಾಗ ಮಾತ್ರ ಡೊಂಕಾಗುತ್ತದೆ. ಯಾಕೆ? 1884ರ ಬರ್ಲಿನ್ ಸಮ್ಮೇಳನದಲ್ಲೇ ಹೀಗೆ ಎಳೆದರಾ?

ಬಯಲುಸೀಮೆ: ಹೌದು, ಅಲ್ಲೇ. ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್ ಕರೆದ, ಹದಿನಾಲ್ಕು ದೇಶದವರು ಬಂದು ಮೇಜಿನ ಮೇಲೆ ನಕ್ಷೆ ಹರಡಿ ಹಂಚಿಕೊಂಡರು. ಆಫ್ರಿಕಾದವನು ಒಬ್ಬನೂ ಇರಲಿಲ್ಲ. ಅಲ್ಲಿನ ಜನ ಯಾರು, ಎಲ್ಲಿ ದನ ಮೇಯಿಸುತ್ತಾರೆ ಅಂತ ಕೇಳಿದವರೇ ಇಲ್ಲ.

ಹಳೇನಕ್ಷೆ: ಆಫ್ರಿಕಾದವರು ಇರಲಿಲ್ಲ ಅನ್ನುವುದು ಸರಿ. ಜಂಜಿಬಾರಿನ ಸುಲ್ತಾನ ಬರ್ಗಶ್‌ಗೂ ಕರೆ ಹೋಗಿರಲಿಲ್ಲ. ಆದರೆ ಈ ಗಡಿ ಬರ್ಲಿನ್‌ನಲ್ಲಿ ಎಳೆದದ್ದಲ್ಲ. 1884ರ ನವೆಂಬರ್‌ನಿಂದ 1885ರ ಫೆಬ್ರವರಿವರೆಗೆ ಅಲ್ಲಿ ಮುಖ್ಯವಾಗಿ ಚರ್ಚೆಯಾದದ್ದು ಕಾಂಗೋ ಮತ್ತು ನೈಜರ್ ನದಿಗಳ ವ್ಯಾಪಾರ, ಹಡಗು ಸಂಚಾರ. ಕೊನೆಯಲ್ಲಿ ಒಂದು ನಿಯಮವನ್ನೂ ಮಾಡಿಕೊಂಡರು: ಯಾರಾದರೂ ಹೊಸದಾಗಿ ಕರಾವಳಿ ಹಿಡಿದರೆ ಉಳಿದವರಿಗೆ ತಿಳಿಸಬೇಕು, ಅಲ್ಲಿ ನಿಜವಾಗಿಯೂ ಆಡಳಿತ ನಡೆಸಬೇಕು. ಒಳನಾಡಿಗೆ ಆ ನಿಯಮವೇ ಇರಲಿಲ್ಲ. ಒಳನಾಡನ್ನು ಕತ್ತರಿಸಿದ್ದು ಆಮೇಲಿನ ಇಬ್ಬಿಬ್ಬರ ಒಪ್ಪಂದಗಳು. ನೀವು ಕೇಳಿದ ಗೆರೆ ಉತ್ತರದ ಬ್ರಿಟಿಷ್ ಪಾಲು, ದಕ್ಷಿಣದ ಜರ್ಮನ್ ಪಾಲಿನ ನಡುವಿನದು, 1886ರ ಅಕ್ಟೋಬರ್ ಕೊನೆ-ನವೆಂಬರ್ 1ರ ನಡುವೆ ಲಂಡನ್ ಮತ್ತು ಬರ್ಲಿನ್ ವಿನಿಮಯ ಮಾಡಿಕೊಂಡ ಪತ್ರಗಳಲ್ಲಿ ಹುಟ್ಟಿದ್ದು. ಉಂಬಾ ನದಿಯ ಬಾಯಿಂದ ನೇರ ಜಿಪೆ ಕೆರೆಗೆ. ಕೆರೆಯ ಪೂರ್ವ, ಉತ್ತರ ಬದಿ ಸುತ್ತಿ, ತವೇತಾ ಮತ್ತು ಚಗ್ಗಾ ನಾಡುಗಳ ನಡುವೆ ಹಾದು, ಕಿಲಿಮಾಂಜಾರೋದ ಉತ್ತರದ ಬುಡ ಬಳಸಿ, ಅಲ್ಲಿಂದ ಮತ್ತೆ ನೇರ, ವಿಕ್ಟೋರಿಯಾ ಸರೋವರದ ಪೂರ್ವ ದಡಕ್ಕೆ 1 ಡಿಗ್ರಿ ದಕ್ಷಿಣ ಅಕ್ಷಾಂಶ ತಾಗುವ ಜಾಗಕ್ಕೆ.

ಚಾರಣಪ್ರಿಯ: ಇಷ್ಟುದ್ದ ಬೇಕಾಗಿಲ್ಲ. ವಿಕ್ಟೋರಿಯಾ ರಾಣಿ ಮೊಮ್ಮಗ, ಜರ್ಮನ್ ಚಕ್ರವರ್ತಿ ಕೈಸರ್‌ಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಆ ಬೆಟ್ಟ ಕೊಟ್ಟಳು. ಅದಕ್ಕೇ ಡೊಂಕು. ಬೆಟ್ಟ ಹತ್ತಿಸುವ ಗೈಡ್‌ಗಳೆಲ್ಲ ಇದನ್ನೇ ಹೇಳುತ್ತಾರೆ.

ಹಳೇನಕ್ಷೆ: ಗೈಡ್ ಹೇಳಿದ್ದು ಇತಿಹಾಸ ಆಗೋದಾದರೆ ಹಂಪಿಯಲ್ಲಿ ದಿನಕ್ಕೊಂದು ಇತಿಹಾಸ ಹುಟ್ಟುತ್ತದೆ. 1886ರಲ್ಲಿ ಕೈಸರ್ ಆಗಿದ್ದವನು ಮೊದಲನೇ ವಿಲ್ಹೆಲ್ಮ್, ವಯಸ್ಸು 89. ರಾಣಿಯ ಮೊಮ್ಮಗ ಎರಡನೇ ವಿಲ್ಹೆಲ್ಮ್ ಪಟ್ಟಕ್ಕೆ ಬಂದದ್ದು 1888ರ ಜೂನ್‌ನಲ್ಲಿ.

ಚಾರಣಪ್ರಿಯ: "ಪಟ್ಟಕ್ಕೆ ಬಂದದ್ದು" ಅಂದಿರಿ. ಪಟ್ಟಕ್ಕೆ ಬರುವ ಮೊದಲು ಅಜ್ಜಿ ಮೊಮ್ಮಗನಿಗೆ ಉಡುಗೊರೆ ಕೊಡಬಾರದು ಅಂತ ಕಾನೂನಿತ್ತಾ?

ಧಾರವಾಡಿ_ಮಾಸ್ತರ: ಅಲ್ರೀ, ಕೊಡಾಕ ತಮ್ಮ ಕೈಯಾಗ ಇರಬೇಕಲ್ಲ? ಬ್ರಿಟಿಷರಿಗೆ ಆ ಗುಡ್ಡದ ಮ್ಯಾಲೆ ಆಳ್ವಿಕಿನ ಇರಲಿಲ್ಲ. ಅವನ ಹುಟ್ಟಿದಹಬ್ಬ ಜನವರಿ 27, ಪತ್ರ ಬರದದ್ದು ನವೆಂಬರ್ ಒಂದಕ್ಕ. ಹತ್ತತ್ರ ಮೂರು ತಿಂಗಳ ಮುಂಗಡ ಉಡುಗೊರೆ ಏನ್ರೀ ಇದು?

ಚಾರಣಪ್ರಿಯ: ಸರಿ ಮಾಸ್ತರ್ರೆ, ಆಳ್ವಿಕೆ ಇಲ್ಲದಿದ್ದರೆ ನೇರ ಗೆರೆ ಯಾಕೆ ಮುರಿದರು? ಕರಾವಳಿಯಿಂದ ಸರೋವರಕ್ಕೆ ನೇರ ಎಳೆದರೆ ಬೆಟ್ಟ ಕೆನ್ಯಾಕ್ಕೇ ಬೀಳುತ್ತದೆ. ನೀವೇ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ನೋಡಿ.

ರೇಖಾಂಶ: ಸ್ಕೇಲ್ ಇಟ್ಟು ನೋಡಿದೆ. ಆ ಒಂದು ಮಾತು ಸರಿ. ಎರಡೂ ತುದಿ ನೇರವಾಗಿ ಸೇರಿಸಿದರೆ ಶಿಖರ ಗೆರೆಯ ಉತ್ತರಕ್ಕೆ ಸುಮಾರು 25 ಕಿ.ಮೀ. ದೂರದಲ್ಲಿ, ಬ್ರಿಟಿಷರ ಬದಿಗೆ ಬೀಳುತ್ತದೆ.

ಚಾರಣಪ್ರಿಯ: ಮುಗಿಯಿತಲ್ಲ. ಧನ್ಯವಾದ.

ರೇಖಾಂಶ: ಮುಗಿದಿಲ್ಲ. ಗೆರೆ ಬಾಗಿದೆ ಅನ್ನುವುದಕ್ಕೂ ರಾಣಿ ಬಗ್ಗಿಸಿದಳು ಅನ್ನುವುದಕ್ಕೂ ವ್ಯತ್ಯಾಸ ಇದೆ. ಬಗ್ಗಿಸಿದ್ದು 1885ರ ಕಾಗದಗಳು. ಮೋಶಿಯ ಚಗ್ಗಾ ದೊರೆ ರಿಂದಿಯನ್ನು ಹೊರಗಿನವರು ಮಂದಾರ ಅನ್ನುತ್ತಿದ್ದರು (ನಮ್ಮ ಪುರಾಣದ ಮಂದರ ಪರ್ವತಕ್ಕೂ ಇವನಿಗೂ ಸಂಬಂಧ ಇಲ್ಲ, ಯಾರೂ ಆ ಕಡೆ ಹೋಗಬೇಡಿ). ಆ ವರ್ಷ ಸುಲ್ತಾನನ ಸೇನಾಧಿಪತಿ, ಇಂಗ್ಲಿಷಿನವನಾದ ಲಾಯ್ಡ್ ಮ್ಯಾಥ್ಯೂಸ್, ಬೆಟ್ಟದ ಸುತ್ತಿನ ದೊರೆಗಳಿಂದ ಸುಲ್ತಾನನಿಗೆ ನಿಷ್ಠೆ ಬರೆಸಿಕೊಂಡ. ಅವನ ಬೆನ್ನಿಗೇ ಜರ್ಮನಿಯ ಕಾರ್ಲ್ ಪೀಟರ್ಸ್‌ನ ವಸಾಹತು ಕಂಪನಿಯ ಯುಹ್ಲ್ಕೆ ಬಂದು ಮಂದಾರನಿಂದ ಜರ್ಮನರ ಪರವಾಗಿ ಇನ್ನೊಂದು ಕಾಗದ ಮಾಡಿಸಿಕೊಂಡ. ಪಕ್ಕದ ತವೇತಾದಲ್ಲಿ ಇಂಗ್ಲಿಷ್ ಅನ್ವೇಷಕ ಹ್ಯಾರಿ ಜಾನ್ಸ್ಟನ್ 1884ರಲ್ಲೇ ಇಂಗ್ಲಿಷರ ಪರ ಒಂದು ಕಾಗದ ಮಾಡಿದ್ದ. ಲಂಡನ್-ಬರ್ಲಿನ್ ಕಚೇರಿಗಳಲ್ಲಿ ಕೂತವರ ಮುಂದೆ ಇದ್ದದ್ದು ಈ ಕಾಗದಗಳು. ಚಗ್ಗಾ ಜರ್ಮನಿಗೆ, ತವೇತಾ ಬ್ರಿಟನ್ನಿಗೆ ಅಂತ ತೀರ್ಮಾನವಾಯಿತು. ಜಿಪೆ ಕೆರೆಯ ಹತ್ತಿರದ ಡೊಂಕು ಹುಟ್ಟಿದ್ದು ಹಾಗೆ.

ಬಯಲುಸೀಮೆ: "ಚಗ್ಗಾ ಜರ್ಮನಿಗೆ, ತವೇತಾ ಬ್ರಿಟನ್ನಿಗೆ" ಅಂತ ಎಷ್ಟು ಸಲೀಸಾಗಿ ಬರೆದಿರಿ! ಅಂದರೆ ಸ್ಥಳೀಯರನ್ನು ಲೆಕ್ಕಕ್ಕೆ ತಗೊಂಡೇ ಗಡಿ ಹಾಕಿದರು ಅಂತ ಸಾಬೀತು ಮಾಡೋಕೆ ಹೊರಟಿದ್ದೀರಾ? ವಸಾಹತುಶಾಹಿಗೆ ವಕಾಲತ್ತು ಇದು.

ರೇಖಾಂಶ: ವಕಾಲತ್ತಲ್ಲ. ಯಾರನ್ನು ಲೆಕ್ಕಕ್ಕೆ ತಗೊಂಡರು ನೋಡಿ. ಬೆಟ್ಟದ ಇಳಿಜಾರಿನಲ್ಲಿ ಬಾಳೆತೋಟ ಮಾಡಿಕೊಂಡು, ಕಾಲುವೆ ತೋಡಿಕೊಂಡು ಒಂದೆಡೆ ನೆಲೆಸಿದ ಚಗ್ಗಾರಿಗೆ ಗುರುತಿಸಬಹುದಾದ ದೊರೆ ಇದ್ದ, ಅವನ ಹೆಸರಲ್ಲಿ ಕಾಗದ ಮಾಡಬಹುದಿತ್ತು. ದನ ಮೇಯಿಸುತ್ತಾ ಅಲೆಯುವ ಮಸಾಯಿಗಳಿಗೆ ಹಾಗೆ ಇಡೀ ಜನಾಂಗದ ಪರವಾಗಿ ಸಹಿ ಹಾಕುವ ದೊರೆ ಇರಲಿಲ್ಲ. ವಯೋಶ್ರೇಣಿಗಳು, ಹಿರಿಯರು, ಮಳೆಯ ಹಿಂದೆ ನಡೆಯುವ ದನ. ಹೀಗಾಗಿ ಅವರ ನಾಡಿನ ಪಾಲಿಗೆ ಯಾವ ಕಾಗದವೂ ಇಲ್ಲ. ಕಾಗದ ಇದ್ದಲ್ಲಿ ಗೆರೆ ಬಾಗಿತು, ಇಲ್ಲದಲ್ಲಿ ನೇರ ಹೋಯಿತು. ಕಿಲಿಮಾಂಜಾರೋ ದಾಟಿದ ಮೇಲೆ ಸರೋವರದವರೆಗಿನ ಆ ಉದ್ದ ಗೆರೆ ಬಹುಪಾಲು ಮಸಾಯಿ ನಾಡಿನ ಮಧ್ಯೆಯೇ ಹಾದಿದೆ.

ಮಂಗ್ಳೂರ್_ಮೀನು: ಎಲ್ಲಾ ಸರಿ ಮಾರಾಯ್ರೆ, ನಮ್ಮ ರಾಡ್‌ಕ್ಲಿಫ್ ಐದು ವಾರದಲ್ಲಿ ಭಾರತ-ಪಾಕಿಸ್ತಾನದ ಗೆರೆ ಎಳೆದದ್ದೂ ಹೀಗೇ ಅಲ್ವಾ? ಅದಕ್ಕೆ ಯಾರು ಉತ್ತರ ಕೊಡ್ತಾರೆ?

ಹಳೇನಕ್ಷೆ: ರಾಡ್‌ಕ್ಲಿಫ್ ಕೈಯಲ್ಲಿ ಜನಗಣತಿ ಇತ್ತು, ಜಿಲ್ಲೆ-ತಾಲೂಕಿನ ನಕ್ಷೆ ಇತ್ತು. ಇಲ್ಲಿ ಬೆಟ್ಟ ಎಲ್ಲಿದೆ ಅಂತಲೇ ಗೊತ್ತಿರಲಿಲ್ಲ. ಅದು ಬೇರೆ ಜಗಳ, ಬೇರೆ ಚರ್ಚೆ ತೆಗೆಯಿರಿ.

ಚಾರಣಪ್ರಿಯ: "ಬೆಟ್ಟ ಎಲ್ಲಿದೆ ಅಂತಲೇ ಗೊತ್ತಿರಲಿಲ್ಲ"?? ಕಿಲಿಮಾಂಜಾರೋವನ್ನು ಯುರೋಪಿನವನು 1848ರಲ್ಲೇ ನೋಡಿ ಬರೆದಿದ್ದ. ಗೊತ್ತಿಲ್ಲದವರು ಯಾರು ಅಂತ ಈಗ ಗೊತ್ತಾಯಿತು.

ಹಳೇನಕ್ಷೆ: ರೆಬ್‌ಮನ್ ನೋಡಿದ್ದು, ಹೌದು. ಸಮಭಾಜಕದ ಹತ್ತಿರ ಹಿಮ ಅಂದಿದ್ದಕ್ಕೆ ಲಂಡನ್ನಿನ ಪಂಡಿತರು ವರ್ಷಗಟ್ಟಲೆ ನಗಾಡಿದರು. ನಾನು ಹೇಳುತ್ತಿರುವುದು ಇನ್ನೊಂದು ಬೆಟ್ಟ, ಉಂಫುಂಬಿರೋ. ಅನ್ವೇಷಕ ಸ್ಪೀಕ್ ದೂರದಿಂದ ನೋಡಿದ್ದ, ಆಮೇಲೆ ಇನ್ನೊಬ್ಬ ಅನ್ವೇಷಕ ಸ್ಟಾನ್ಲಿ ಸ್ಥಳೀಯ ದೊರೆಗಳ ಜೊತೆಗಿನ ತನ್ನ ಒಪ್ಪಂದಗಳನ್ನು ಅದಕ್ಕೆ ತಳಕು ಹಾಕಿದ. 1890ರ ಜುಲೈ 1ರ ಒಪ್ಪಂದದಲ್ಲಿ ಗೆರೆಯನ್ನು ಸರೋವರದ ಆಚೆಗೂ 1 ಡಿಗ್ರಿ ಅಕ್ಷಾಂಶದ ಮೇಲೆ ಕಾಂಗೋವರೆಗೆ ಒಯ್ದರು. ಅದರಲ್ಲೇ ಒಂದು ಷರತ್ತು: ಉಂಫುಂಬಿರೋ ಬೆಟ್ಟ ಗೆರೆಯ ದಕ್ಷಿಣಕ್ಕೆ ಇರುವುದು ಕಂಡುಬಂದರೆ, ಅದು ಜರ್ಮನ್ ಪಾಲಿಗೆ ಸೇರದ ಹಾಗೆ ಗೆರೆಯನ್ನು ಬಗ್ಗಿಸಬೇಕು. ಸಹಿ ಹಾಕಿದವರಿಗೇ ಬೆಟ್ಟ ಯಾವ ಕಡೆ ಇದೆ ಅಂತ ಗೊತ್ತಿರಲಿಲ್ಲ, ಅದಕ್ಕೇ ಆ "ಇದ್ದರೆ". ಕೊನೆಗೆ ಅದು ಇಂದಿನ ವಿರುಂಗಾ ಜ್ವಾಲಾಮುಖಿ ಸಾಲು ಅಂತಾಯಿತು, ಇದ್ದದ್ದು ಗೆರೆಯ ದಕ್ಷಿಣಕ್ಕೇ. ಬ್ರಿಟನ್, ಜರ್ಮನಿ, ಬೆಲ್ಜಿಯಂ ಮೂವರೂ ಬ್ರಸೆಲ್ಸ್‌ನಲ್ಲಿ ಕೂತು 1910ರಲ್ಲಿ ಬಗೆಹರಿಸಿಕೊಂಡರು. ಗಡಿ ಸಬಿನ್ಯೋ, ಮುಹಾವುರಾ ಶಿಖರಗಳ ಮೇಲೆ ಹಾಯಿತು. ರುವಾಂಡಾದ ಭಾಷೆ ಮಾತಾಡುವ ಬುಫುಂಬಿರಾದ ಜನ ಉಗಾಂಡಾಕ್ಕೆ ಬಂದರು. ಇವತ್ತಿಗೂ ಕಿಸೋರೋ ಪಟ್ಟಣದ ಸುತ್ತ ಅದೇ ಮಾತು.

ಚಾರಣಪ್ರಿಯ: 1890 ಅಂದಿರಿ! ಆಗ ಕೈಸರ್ ಯಾರು? ಎರಡನೇ ವಿಲ್ಹೆಲ್ಮ್. ರಾಣಿಯ ಮೊಮ್ಮಗ. ಉಡುಗೊರೆ ಕೊಟ್ಟದ್ದು ಆಗಲೇ.

ಧಾರವಾಡಿ_ಮಾಸ್ತರ: ಅಯ್ಯೋ ದೇವರೇ. 1890ರಾಗ ಬೆಟ್ಟದ ಹತ್ತಿರ ಹಳೇ ಗೆರಿನs ಮತ್ತೊಮ್ಮೆ ಬರದಾರ. ನಾಕು ವರ್ಷದ ಹಿಂದ ಕೊಟ್ಟದ್ದನ್ನ ಮತ್ತ ಕೊಡತಾರೇನು? ಆ ವರ್ಷ ಕೈಸರಗ ಹೊಸದಾಗಿ ಸಿಕ್ಕದ್ದು ಹೆಲಿಗೋಲ್ಯಾಂಡ್ ದ್ವೀಪ, ಅದೂ ಪುಕ್ಕಟ ಅಲ್ಲ. ಜಂಜಿಬಾರ ಬ್ರಿಟಿಷರ ರಕ್ಷಣಾದಾಗ ಹೋತು, ಕೀನ್ಯಾ ಕರಾವಳಿಯ ವಿಟೂ ಜರ್ಮನರು ಬಿಟ್ಟಕೊಟ್ರು.

ಚಾರಣಪ್ರಿಯ: ಮಾಸ್ತರ್ರು ಸಿಟ್ಟಾಗಿದ್ದಾರೆ ಅಂದರೆ ಉತ್ತರ ಇಲ್ಲ ಅಂತ ಅರ್ಥ.

ಧಾರವಾಡಿ_ಮಾಸ್ತರ: ನಿಮಗ ಉತ್ತರ ಬೇಕಾಗಿಲ್ಲ, ಕೇಕ್ ಬೇಕಾಗೇದ. ಹುಟ್ಟಿದಹಬ್ಬದ್ದು.

ಬಯಲುಸೀಮೆ: ಕೇಕ್ ಕತ್ತರಿಸಿದ ಹಾಗೆ ಕತ್ತರಿಸಿದರು ಅಂತಲೇ ನಾನು ಮೊದಲು ಹೇಳಿದ್ದು! ರೇಖಾಂಶ ಅವರೇ, ಮಸಾಯಿಗಳ ವಿಷಯ ಅರ್ಧಕ್ಕೆ ಬಿಟ್ಟಿರಿ. ಗೆರೆಯಿಂದ ಅವರಿಗೆ ಆದದ್ದೇನು ಹೇಳಿ.

ರೇಖಾಂಶ: ಮೊದಲು ಏನೂ ಆಗಲಿಲ್ಲ, ಯಾಕೆಂದರೆ ನೆಲದ ಮೇಲೆ ಗೆರೆಯೇ ಇರಲಿಲ್ಲ. ನಕ್ಷೆಯಲ್ಲಿ ಬಿದ್ದ ಗೆರೆ ನೆಲಕ್ಕೆ ಇಳಿಯಬೇಕಾದರೆ ಎರಡೂ ಕಡೆಯ ಅಧಿಕಾರಿಗಳು ಜೊತೆಯಾಗಿ ಅಳೆಯುತ್ತಾ ಹೋಗಬೇಕು, ಗಡಿಗಲ್ಲು ನಿಲ್ಲಿಸಬೇಕು. ಈ ಭಾಗದಲ್ಲಿ ಆ ಕೆಲಸ ನಡೆದದ್ದು 1904ರ ಸುಮಾರಿಗೆ. ಅದೇ 1904ರಲ್ಲಿ ಬ್ರಿಟಿಷರು ಮಸಾಯಿಗಳನ್ನು ರಿಫ್ಟ್ ಕಣಿವೆಯ ಒಳ್ಳೆಯ ಹುಲ್ಲುಗಾವಲಿಂದ ಎಬ್ಬಿಸಿ ಉತ್ತರದಲ್ಲೊಂದು, ದಕ್ಷಿಣದಲ್ಲೊಂದು ಮೀಸಲು ಕೊಟ್ಟರು. 1911ರಲ್ಲಿ ಉತ್ತರದ್ದನ್ನೂ ಕಿತ್ತುಕೊಂಡು ಎಲ್ಲರನ್ನೂ ದಕ್ಷಿಣಕ್ಕೆ ತಳ್ಳಿದರು. ದಕ್ಷಿಣದ ಮೀಸಲಿನ ತುದಿ ಯಾವುದು ಅಂದುಕೊಂಡಿರಿ? ಇದೇ ಜರ್ಮನ್ ಗಡಿ. ಮಳೆ ಬಂದಾಗ ಬಯಲಿಗೆ, ಬೇಸಿಗೆಗೆ ನೀರಿರುವ ಎತ್ತರಕ್ಕೆ ಹೋಗಬೇಕಾದ ದನಕ್ಕೆ ಉತ್ತರದ ಎತ್ತರ ತಪ್ಪಿತು, ದಕ್ಷಿಣ ಪರದೇಶವಾಯಿತು. ಗೆರೆಯೊಂದೇ ಇದ್ದಿದ್ದರೆ ದನ ದಾಟಿಕೊಂಡು ಬದುಕುತ್ತಿದ್ದವು. ಗೆರೆ ಮತ್ತು ಮೀಸಲು ಎರಡೂ ಸೇರಿದ್ದು ತೊಂದರೆ.

ಬಯಲುಸೀಮೆ: "ಗೆರೆಯೊಂದೇ ಇದ್ದಿದ್ದರೆ ಬದುಕುತ್ತಿದ್ದವು" — ಇದನ್ನೇ ನಾನು ವಕಾಲತ್ತು ಅಂದದ್ದು.

ಹಳೇನಕ್ಷೆ: ನೀವು ಓದುತ್ತೀರೋ, ಬರೀ ಹುಡುಕುತ್ತೀರೋ?

ಕುತೂಹಲಿ_ಹಾಸನ: ಒಂದು ಸಣ್ಣ ಸಂಶಯ. ಅಕ್ಷಾಂಶದ ಗೆರೆ ಹಿಡಿದರೆ ಅಳತೆಯಲ್ಲಿ ತಪ್ಪು ಬರಬಾರದಲ್ಲ? ನಕ್ಷೆ ಇಲ್ಲದಿದ್ದರೂ ಆಕಾಶ ನೋಡಿ ಹೇಳಬಹುದಲ್ಲ?

ರೇಖಾಂಶ: ಅಕ್ಷಾಂಶಕ್ಕೆ ಹೌದು, ನಕ್ಷತ್ರದ ಎತ್ತರ ಅಳೆದರೆ ಸಾಕು. ರೇಖಾಂಶಕ್ಕೆ ಗಡಿಯಾರ ಬೇಕು. ಭೂಮಿ 4 ನಿಮಿಷಕ್ಕೆ 1 ಡಿಗ್ರಿ ತಿರುಗುತ್ತದೆ, ಹಾಗಾಗಿ ಸಮಭಾಜಕದ ಹತ್ತಿರ ಗಡಿಯಾರ ಒಂದು ಸೆಕೆಂಡ್ ತಪ್ಪಿದರೆ ನೀವು ನೆಲದ ಮೇಲೆ ಸುಮಾರು 460 ಮೀಟರ್ ತಪ್ಪಿರುತ್ತೀರಿ. ಕೂಲಿಯವರ ತಲೆ ಮೇಲೆ ತಿಂಗಳುಗಟ್ಟಲೆ ಕುಲುಕುತ್ತಾ ಬಂದ ಗಡಿಯಾರ ಒಂದು ಸೆಕೆಂಡಿಗೆ ನಿಲ್ಲುತ್ತದಾ? 1894ರಲ್ಲಿ ಬ್ರಿಟನ್ ಮತ್ತು ಕಾಂಗೋ ಆಳುತ್ತಿದ್ದ ಬೆಲ್ಜಿಯಂ ದೊರೆ ಲಿಯೋಪೋಲ್ಡ್ 30ನೇ ರೇಖಾಂಶವನ್ನು ಗಡಿ ಮಾಡಿಕೊಂಡರು. 1907-08ರಲ್ಲಿ ಸರಿಯಾಗಿ ಅಳೆದಾಗ ಅದು ಹಳೆಯ ನಕ್ಷೆಗಿಂತ ಹಲವು ಮೈಲಿ ಸರಿದಿತ್ತು. ಬ್ರಸೆಲ್ಸ್‌ನ ಜಗಳಕ್ಕೆ ಅದೂ ಒಂದು ಕಾರಣ.

ಮಂಗ್ಳೂರ್_ಮೀನು: ಇಷ್ಟೆಲ್ಲ ತಪ್ಪು ಅಂತ ಗೊತ್ತಿದ್ದೂ ಸ್ವಾತಂತ್ರ್ಯ ಬಂದ ಮೇಲೆ ಅವರೇ ಯಾಕೆ ಸರಿ ಮಾಡಿಕೊಳ್ಳಲಿಲ್ಲ ಮಾರಾಯ್ರೆ? 1964ರಲ್ಲಿ ಕೈರೋದಲ್ಲಿ ಆಫ್ರಿಕಾದ ನಾಯಕರೇ ಕೂತು ಇದ್ದ ಗಡಿಯೇ ಇರಲಿ ಅಂದದ್ದಲ್ವಾ?

ಬಯಲುಸೀಮೆ: ಸೊಮಾಲಿಯಾ ಒಪ್ಪಲಿಲ್ಲ, ಮೊರಾಕೋ ಒಪ್ಪಲಿಲ್ಲ. ಅದನ್ನೂ ಹೇಳಿ.

ಮಂಗ್ಳೂರ್_ಮೀನು: ಎರಡು ದೇಶ ಒಪ್ಪಲಿಲ್ಲ ಅಂದರೆ ಉಳಿದವರು ಒಪ್ಪಿದರು ಅಂತ ಆಯ್ತಲ್ಲ?

ರೇಖಾಂಶ: ಒಪ್ಪಿದ್ದು ಗೆರೆ ಸರಿ ಅಂತಲ್ಲ. ಒಂದು ಗಡಿಗಲ್ಲು ಕಿತ್ತರೆ ಪಕ್ಕದವನೂ ಕೀಳುತ್ತಾನೆ ಅನ್ನುವ ಭಯ.

ಚಾರಣಪ್ರಿಯ: ಎಲ್ಲ ಬರೆದಿರಿ. ಉಡುಗೊರೆ ಕೊಟ್ಟಿಲ್ಲ ಅಂತ ರಾಣಿಯೇ ಬರೆದ ಒಂದು ಸಾಲು ತೋರಿಸಿ, ಆಗ ನೋಡೋಣ.

ಧಾರವಾಡಿ_ಮಾಸ್ತರ: ಆಕಿ ನನಗೂ ಕಿಲಿಮಾಂಜಾರೋ ಕೊಟ್ಟಿಲ್ಲ ಅಂತ ಎಲ್ಲೂ ಬರದಿಲ್ಲರೀ. ಹಂಗಾದ್ರ ಅರ್ಧಾ ಗುಡ್ಡ ನಂದು.